ಸಹೋದ್ಯೋಗಿಗೆ ಪ್ರಮೋಷನ್ ಬಂದಾಗ ಏನು ಹೇಳಬೇಕು, ಹೇಗೆ ಹೇಳಬೇಕು

ನಮ್ಮ ಬ್ಯಾಂಕಿನ ಪ್ರಮೋಷನ್ ಲಿಸ್ಟ್ ಬಂದದ್ದು ಸಂಜೆ ಐದೂಮುಕ್ಕಾಲಿಗೆ. ಕೌಂಟರ್ ಮುಚ್ಚಿ, ಕ್ಯಾಶ್ ಟ್ಯಾಲಿ ಮಾಡಿ, ಚಹಾ ಕುಡಿಯುತ್ತಾ ಕೂತಿದ್ದೆವು. ಕ್ಲರ್ಕ್‌ನಿಂದ ಆಫೀಸರ್ ಆದವರ ಪಿಡಿಎಫ್ ಎಲ್ಲರ ಮೊಬೈಲಿಗೂ ಬಂತು. ಉದ್ದದ ಪಟ್ಟಿ. ಎಲ್ಲರೂ ಮಾಡುವ ಹಾಗೆ ನಾನೂ ಮೊದಲು ನನ್ನ ನಂಬರ್ ಹುಡುಕಿದೆ. ಇರಲಿಲ್ಲ. ನಂಬರ್ ತಪ್ಪು ಒತ್ತಿರಬಹುದು ಅಂತ ಹೆಸರು ಹಾಕಿ ನೋಡಿದೆ. ಆಗಲೂ ಇಲ್ಲ. ಆಮೇಲೆ ಪಕ್ಕದ ಕೌಂಟರಿನ ಮೇಡಂ ಹೆಸರು ಹಾಕಿದೆ. ಇತ್ತು.

ನಾವಿಬ್ಬರೂ ಒಟ್ಟಿಗೆ ಪರೀಕ್ಷೆ ಬರೆದವರು. ಒಂದೇ ಗೈಡನ್ನು ಹಂಚಿಕೊಂಡು ಓದಿದವರು. ಅವರು ಎದುರಿಗೇ ಕೂತಿದ್ದರು. ನನ್ನ ಬಾಯಿಂದ ಬಂದ ಮಾತು ಇದು: "ಅಂತೂ ಹೊಡೆದ್ರಲ್ಲ ಮೇಡಂ! ಅದೃಷ್ಟ ಅಂದ್ರೆ ನಿಮ್ದು. ಇನ್ಮೇಲೆ ನಮ್ಮನ್ನ ಮಾತಾಡಿಸ್ತೀರೋ ಇಲ್ವೋ!"

ನಗುತ್ತಲೇ ಹೇಳಿದ್ದೆ. ಅವರೂ ನಕ್ಕರು. ಆದರೆ ಆ ನಗು ಅರ್ಧಕ್ಕೇ ನಿಂತಿತು. "ನಿಮಗೂ ಮುಂದಿನ ಸಲ ಆಗುತ್ತೆ ಬಿಡಿ" ಅಂದರು. ಪ್ರಮೋಷನ್ ಸಿಕ್ಕವರು ಸಿಗದವರನ್ನು ಸಮಾಧಾನ ಮಾಡಿದ ಹಾಗಾಯಿತು. ಅವರ ಸಂಜೆಯನ್ನು ನಾನು ನನ್ನ ಕಡೆ ಎಳೆದುಕೊಂಡಿದ್ದೆ.

ನನಗೆ ಹೊಟ್ಟೆಕಿಚ್ಚು ಇತ್ತಾ? ಸ್ವಲ್ಪ ಇತ್ತು. ಖುಷಿ ಇತ್ತಾ? ಅದೂ ಇತ್ತು, ನಿಜವಾಗಿ. ಎರಡೂ ಇದ್ದಾಗ ಬಾಯಿಗೆ ಮೊದಲು ಯಾವುದು ಬರುತ್ತದೆ ಅನ್ನುವುದೇ ಇಲ್ಲಿನ ಸಮಸ್ಯೆ. ಮಾರನೇ ದಿನ ಅದನ್ನು ಸರಿ ಮಾಡಿಕೊಂಡೆ. ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಉದಾಹರಣೆ ಬ್ಯಾಂಕಿನದು, ಯಾಕೆಂದರೆ ನನಗೆ ಗೊತ್ತಿರುವುದು ಅದೇ.

ಹೆಜ್ಜೆ 1: ಮೊದಲ ಹತ್ತು ನಿಮಿಷ ದಾಟಿಸಿ, ಆದರೆ ಆ ದಿನ ದಾಟಿಸಬೇಡಿ

ನೀವೂ ಅದೇ ಲಿಸ್ಟಿನಲ್ಲಿ ಹೆಸರು ಹುಡುಕಿದವರಾದರೆ ತಕ್ಷಣ ಏನನ್ನೂ ಹೇಳಬೇಡಿ, ಟೈಪ್ ಮಾಡಬೇಡಿ. ಎದ್ದು ಹೋಗಿ ನೀರು ಕುಡಿಯಿರಿ, ಮುಖ ತೊಳೆಯಿರಿ, ಬೇಕಿದ್ದರೆ ಮನೆಗೆ ಒಂದು ಫೋನ್ ಮಾಡಿ "ಆಗಲಿಲ್ಲ" ಅಂತ ಹೇಳಿ. ಈ ಫೋನ್ ಮುಖ್ಯ. ನಿಮ್ಮ ಬೇಜಾರನ್ನು ಯಾರಿಗಾದರೂ ಒಮ್ಮೆ ಹೇಳಿಬಿಟ್ಟರೆ ಅದು ಅಭಿನಂದನೆಯ ಮಾತಿನೊಳಗೆ ನುಸುಳುವುದು ಕಡಿಮೆ. ನಾನು ಹೇಳದೇ ಇಟ್ಟುಕೊಂಡಿದ್ದಕ್ಕೇ ಅದು "ಅದೃಷ್ಟ" ಅನ್ನುವ ಪದ ಆಗಿ ಹೊರಬಂತು.

ಎದುರಿಗೇ ಕೂತಿದ್ದರೆ ಏನು ಮಾಡುವುದು? ಹತ್ತು ನಿಮಿಷ ಕಾಯಲು ಆಗುವುದಿಲ್ಲ. ಆಗ "ಬಂತಾ! ತುಂಬಾ ಖುಷಿ ಆಯ್ತು ಮೇಡಂ" ಅಷ್ಟೇ ಹೇಳಿ ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಹೇಳಬಹುದು. ತಪ್ಪು ಆಗುವುದು ಸಾಮಾನ್ಯವಾಗಿ ಎರಡನೇ ವಾಕ್ಯದಲ್ಲಿ. ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಅಂತ ಏನೋ ಒಂದು ತಮಾಷೆ ಸೇರಿಸಲು ಹೋಗುತ್ತೇವೆ, ಒಳಗಿದ್ದದ್ದು ಅಲ್ಲಿಂದ ಇಣುಕುತ್ತದೆ.

ಆದರೆ ತಡ ಮಾಡಿದರೂ ಕಷ್ಟ. ಅದೇ ದಿನ ರಾತ್ರಿಯೊಳಗೆ ಅಥವಾ ಮಾರನೇ ದಿನ ಬೆಳಿಗ್ಗೆ ಹೇಳಿದರೆ ಯಾರೂ ಲೆಕ್ಕ ಇಡುವುದಿಲ್ಲ. ಮೂರು ನಾಲ್ಕು ದಿನ ಸುಮ್ಮನಿದ್ದರೆ ಆ ಮೌನವೇ ಒಂದು ಮಾತಾಗುತ್ತದೆ. ಒಂದೇ ಕಡೆ ಕೆಲಸ ಮಾಡುವವರಿಗೆ ಯಾರು ಹೇಳಿದರು, ಯಾರು ಹೇಳಲಿಲ್ಲ ಅನ್ನುವುದು ಚೆನ್ನಾಗಿ ನೆನಪಿರುತ್ತದೆ.

ಇನ್ನೊಂದು ವಿಷಯ. ಲಿಸ್ಟ್ ಬರುವ ಮುಂಚೆ ಅಭಿನಂದಿಸಬೇಡಿ. ಯೂನಿಯನ್‌ನವರಿಂದಲೋ ರೀಜನಲ್ ಆಫೀಸಿನವರಿಂದಲೋ ಸುದ್ದಿ ಸೋರಿರುತ್ತದೆ. "ನಿಮ್ಮದು ಆಗಿದೆಯಂತೆ" ಅಂತ ನೀವು ಹೇಳಿ, ಲಿಸ್ಟಿನಲ್ಲಿ ಹೆಸರಿಲ್ಲದೆ ಹೋದರೆ ಅವರ ಬೇಜಾರಿಗೆ ನೀವೂ ಸ್ವಲ್ಪ ಸೇರಿಸಿದ ಹಾಗೆ.

ಹೆಜ್ಜೆ 2: ಈ ಪ್ರಮೋಷನ್ ಅವರ ಮನೆಗೆ ಏನು ತರುತ್ತದೆ ಅಂತ ಯೋಚಿಸಿ

ಬಡ್ತಿ ಅಂದರೆ ಖುಷಿ ಅಂತಲೇ ನಾವು ಅಂದುಕೊಳ್ಳುತ್ತೇವೆ. ಸರ್ಕಾರಿ ಬ್ಯಾಂಕುಗಳಲ್ಲಿ ಅದು ಅಷ್ಟು ಸುಲಭ ಅಲ್ಲ. ಕ್ಲರ್ಕ್ ಆಗಿದ್ದಾಗ ಸಾಮಾನ್ಯವಾಗಿ ಸ್ವಂತ ರಾಜ್ಯದಲ್ಲಿ, ಎಷ್ಟೋ ಸಲ ಸ್ವಂತ ಜಿಲ್ಲೆಯಲ್ಲೇ ಇರಬಹುದು. ಆಫೀಸರ್ ಆದರೆ ದೇಶದಲ್ಲಿ ಎಲ್ಲಿಗೆ ಬೇಕಾದರೂ ಹಾಕಬಹುದು. ಇದೇ ಕಾರಣಕ್ಕೆ ಇಪ್ಪತ್ತು ವರ್ಷ ಕ್ಲರ್ಕ್ ಆಗಿಯೇ ಉಳಿದವರು ಪ್ರತಿ ಬ್ರಾಂಚಿನಲ್ಲೂ ಸಿಗುತ್ತಾರೆ. ಬಡ್ತಿ ಬಂದ ಮೇಲೂ ಬೇಡ ಅಂತ ಬರೆದುಕೊಟ್ಟವರಿದ್ದಾರೆ.

ಹಾಗಾಗಿ ಲಿಸ್ಟಿನಲ್ಲಿ ಹೆಸರು ಬಂದವರ ತಲೆಯಲ್ಲಿ ಆ ಸಂಜೆ ಓಡುತ್ತಿರುವ ಪ್ರಶ್ನೆ "ಎಲ್ಲಿಗೆ ಹಾಕ್ತಾರೆ?" ಅನ್ನುವುದು. ನಮ್ಮ ಮೇಡಂಗೆ ಮಗ ಹತ್ತನೇ ಕ್ಲಾಸಿನಲ್ಲಿದ್ದ. ಅತ್ತೆಗೆ ಮಂಡಿನೋವು, ಮನೆಯಲ್ಲಿ ಓಡಾಡುವುದೂ ಕಷ್ಟ. ಇದೆಲ್ಲ ನನಗೆ ಗೊತ್ತಿತ್ತು, ವರ್ಷಗಟ್ಟಲೆ ಒಟ್ಟಿಗೆ ಬುತ್ತಿ ಬಿಚ್ಚಿದವನು ನಾನು. ಆದರೂ ಒಂದು ಮಾತು ಕೇಳಲಿಲ್ಲ. "ಹೊಡೆದ್ರಲ್ಲ" ಅಂದೆ, ಅಷ್ಟೇ. ಲಾಟರಿ ಹೊಡೆದವರಿಗೆ ಹೇಳುವ ಹಾಗೆ.

ನಿಮ್ಮ ಕೆಲಸದಲ್ಲಿ ವರ್ಗಾವಣೆ ಇಲ್ಲದಿರಬಹುದು. ಆದರೆ ಬೇರೇನೋ ಇರುತ್ತದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಂ ಲೀಡ್ ಆದವರಿಗೆ ಕೋಡ್ ಬರೆಯುವುದು ಕಡಿಮೆಯಾಗಿ ಮೀಟಿಂಗ್ ಜಾಸ್ತಿ ಆಗುತ್ತದೆ. ಶಾಲೆಯಲ್ಲಿ ಹೆಡ್‌ಮಾಸ್ಟರ್ ಆದವರು ಪಾಠಕ್ಕಿಂತ ಬಿಸಿಯೂಟದ ಲೆಕ್ಕ, ಕಟ್ಟಡದ ರಿಪೇರಿ ನೋಡಬೇಕಾಗುತ್ತದೆ. ಇದನ್ನೆಲ್ಲ ಅಭಿನಂದನೆಯಲ್ಲಿ ಹೇಳಬೇಕು ಅಂತಲ್ಲ. ಗೊತ್ತಿದ್ದರೆ "ಇನ್ನೇನು ಮೇಡಂ, ಲೈಫ್ ಸೆಟ್ಲ್!" ಅನ್ನುವಂಥ ಮಾತು ಬಾಯಿಗೆ ಬರುವುದಿಲ್ಲ. ಅಷ್ಟು ಸಾಕು.

ಹೆಜ್ಜೆ 3: ನೀವೇ ಕಣ್ಣಾರೆ ಕಂಡ ಒಂದು ಸಂಗತಿ ಹುಡುಕಿ

ಇಡೀ ಕೆಲಸದ ಜೀವಾಳ ಇದು, ಇಲ್ಲಿ ಸ್ವಲ್ಪ ಹೊತ್ತು ಕೊಡಿ.

"ನಿಮ್ಮ ಕಠಿಣ ಪರಿಶ್ರಮಕ್ಕೆ ಸಂದ ಫಲ" ಅನ್ನುವ ಮಾತನ್ನು ಯಾರು ಯಾರಿಗೆ ಬೇಕಾದರೂ ಹೇಳಬಹುದು. ಅದಕ್ಕೇ ಅದು ಯಾರಿಗೂ ಮುಟ್ಟುವುದಿಲ್ಲ. ಮುಟ್ಟುವುದು ನೀವು ಮಾತ್ರ ಹೇಳಬಹುದಾದ ಮಾತು. ಅದನ್ನು ಹುಡುಕಲು ಒಂದು ಚೀಟಿ ತೆಗೆದುಕೊಳ್ಳಿ. ಅವರು ಕೆಲಸ ಮಾಡುವಾಗ ನೀವು ನೋಡಿದ ಎರಡು ಮೂರು ಸಂದರ್ಭ ಬರೆಯಿರಿ. ಗುಣಗಳನ್ನು ಬರೆಯಬೇಡಿ. "ತಾಳ್ಮೆ ಜಾಸ್ತಿ" ಅಂತ ಬರೆದರೆ ಅದನ್ನು ಹೊಡೆದುಹಾಕಿ, ಆ ತಾಳ್ಮೆ ನಿಮಗೆ ಕಂಡದ್ದು ಯಾವತ್ತು, ಅವರು ಏನು ಮಾಡುತ್ತಿದ್ದರು ಅಂತ ಬರೆಯಿರಿ.

ನನ್ನ ಚೀಟಿಯಲ್ಲಿ ಎರಡು ಬಂದವು.

ಒಂದು, ನನ್ನ ಕ್ಯಾಶ್ ಎರಡು ಸಾವಿರ ಶಾರ್ಟ್ ಬಂದ ದಿನ. ಸಿಗದಿದ್ದರೆ ಕ್ಯಾಷಿಯರ್ ತನ್ನ ಜೇಬಿನಿಂದ ತುಂಬಬೇಕು. ಮೇಡಂ ಬ್ಯಾಗ್ ಹೆಗಲಿಗೆ ಹಾಕಿದ್ದವರು ಅದನ್ನು ಇಳಿಸಿ, ನನ್ನ ಜೊತೆ ಕೂತು ಒಂದೊಂದೇ ವೋಚರ್ ನೋಡಿದರು. ಏಳೂವರೆಗೆ ಸಿಕ್ಕಿತು. ಒಂದು ವಿತ್‌ಡ್ರಾವಲ್ ಸ್ಲಿಪ್ಪಿನ ಎಂಟ್ರಿಯನ್ನೇ ನಾನು ಮಾಡಿರಲಿಲ್ಲ.

ಇನ್ನೊಂದು, ನವೆಂಬರ್ ತಿಂಗಳು. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ಜೀವನ ಪ್ರಮಾಣ ಪತ್ರ ಕೊಡಬೇಕು. ಬ್ರಾಂಚ್ ತುಂಬಾ ಹಿರಿಯರು. 2014ರಿಂದ ಅದನ್ನು ಬೆರಳಚ್ಚು ಕೊಟ್ಟು ಆನ್‌ಲೈನಿನಲ್ಲಿ ಮಾಡುವ ವ್ಯವಸ್ಥೆ ಬಂದಿದೆ. ಆದರೆ ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ, ಮಷೀನ್ ತೆಗೆದುಕೊಳ್ಳುವುದಿಲ್ಲ. ಒಬ್ಬ ಅಜ್ಜಿ ಮೂರು ಸಲ ಸಾಲಿನಲ್ಲಿ ನಿಂತು ಮೂರು ಸಲವೂ ಬೆರಳು ಒತ್ತಿದರು, ಆಗಲಿಲ್ಲ. ಮೇಡಂ ಕೌಂಟರ್ ಬಿಟ್ಟು ಎದ್ದು, ಕಾಗದದ ಫಾರಂ ಹಿಡಿದು ಅಜ್ಜಿ ಕೂತಿದ್ದ ಬೆಂಚಿನ ಹತ್ತಿರವೇ ಹೋಗಿ ಬರೆಸಿಕೊಂಡರು. ಮಾರನೇ ದಿನ ಬೆಂಚಿನ ಪಕ್ಕದಲ್ಲೇ ಒಂದು ಟೇಬಲ್ ಹಾಕಿಸಿದರು. ಆಮೇಲೆ ನಮ್ಮ ಬ್ರಾಂಚಿನಲ್ಲಿ ಪ್ರತಿ ನವೆಂಬರ್ ಹಾಗೇ ನಡೆಯಿತು.

ಯಾವುದನ್ನು ಆರಿಸಬೇಕು? ನನಗೆ ಮೊದಲು ಹೇಳಬೇಕು ಅನ್ನಿಸಿದ್ದು ಕ್ಯಾಶ್ ಶಾರ್ಟ್ ಕಥೆ, ಯಾಕೆಂದರೆ ಅದು ನನಗೆ ಹತ್ತಿರದ್ದು. ಅದೇ ಅದರ ತೊಂದರೆ. ಆ ಕಥೆಯ ನಡುವೆ ನಿಂತಿರುವವನು ನಾನು. ಅವರು ನನಗೆ ಸಹಾಯ ಮಾಡಿದರು ಅನ್ನುವುದು ಕೃತಜ್ಞತೆ, ಅದನ್ನು ಬೀಳ್ಕೊಡುಗೆಯ ದಿನ ಹೇಳಿದರೆ ಚೆಂದ. ಅಜ್ಜಿಯ ಕಥೆಯಲ್ಲಿ ನಾನು ಇಲ್ಲವೇ ಇಲ್ಲ. ಅಲ್ಲಿರುವುದು ಅವರ ಕೆಲಸ, ಅದರಿಂದ ಬ್ರಾಂಚಿನಲ್ಲಿ ಆದ ಬದಲಾವಣೆ. ಬಡ್ತಿಗೆ ಹೊಂದುವುದು ಅದು.

ಸರಿಯಾದ ಸಂಗತಿಯೋ ಅಲ್ಲವೋ ನೋಡಲು ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆ ವಾಕ್ಯದಲ್ಲಿ ಅವರ ಹೆಸರು ತೆಗೆದು ಬೇರೆಯವರ ಹೆಸರು ಹಾಕಿ ಓದಿ. ಆಗಲೂ ಸರಿಹೋದರೆ ಅದು ಬೇಡ, ಇನ್ನೊಂದು ಹುಡುಕಿ.

ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ ಅನ್ನಿ. ಬೇರೆ ಮಹಡಿಯವರು, ಪರಿಚಯ ಕಡಿಮೆ. ಆಗ ಸುಳ್ಳು ಹೊಗಳಿಕೆ ಕಟ್ಟಬೇಡಿ. "ಅಭಿನಂದನೆಗಳು ಸರ್. ಹೊಸ ಜಾಗದಲ್ಲಿ ಯಾವ ವಿಭಾಗ ನೋಡ್ಕೋತೀರಿ?" ಅಂತ ಒಂದು ಪ್ರಶ್ನೆ ಕೇಳಿ. ಉತ್ತರ ಕೇಳಿಸಿಕೊಳ್ಳಿ. ಅಷ್ಟೇ.

ಹೆಜ್ಜೆ 4: ಚುಚ್ಚುವ ಮಾತುಗಳನ್ನು ಗುರುತಿಸಿ ತೆಗೆಯಿರಿ

ನಮ್ಮಲ್ಲಿ ಕೆಲವು ಮಾತುಗಳು ಎಷ್ಟು ಬಳಕೆಯಾಗಿವೆ ಅಂದರೆ ಅವು ಚುಚ್ಚುತ್ತವೆ ಅಂತ ಹೇಳುವವರಿಗೇ ಗೊತ್ತಿರುವುದಿಲ್ಲ.

"ಅಂತೂ" ಅನ್ನುವ ಪದವನ್ನೇ ನೋಡಿ. "ಅಂತೂ ಪ್ರಮೋಷನ್ ಬಂತಲ್ಲ!" ಅದರಲ್ಲಿ ಇಷ್ಟು ದಿನ ಬರಲಿಲ್ಲ ಅನ್ನುವ ಲೆಕ್ಕ ಇದೆ. ಎರಡು ಸಲ ಪರೀಕ್ಷೆ ಬರೆದು ಮೂರನೇ ಸಲ ಪಾಸಾದವರಿಗೆ ಇದು ಆ ಎರಡು ಸಲವನ್ನು ನೆನಪಿಸುತ್ತದೆ. "ಯಾವಾಗ್ಲೋ ಬರಬೇಕಿತ್ತು ನಿಮಗೆ" ಅನ್ನುವುದು ಅದರ ತಂಗಿ. ತೀರಾ ಹತ್ತಿರದವರು ಹೇಳಿದರೆ ಪ್ರೀತಿ, ಬೇರೆಯವರು ಹೇಳಿದರೆ ಹಳೆ ಗಾಯ ಕೆದಕಿದ ಹಾಗೆ.

"ಅದೃಷ್ಟ" ಬೇಡವೇ ಬೇಡ. ತಮ್ಮ ಬಗ್ಗೆ ಅವರೇ ಹೇಳಿಕೊಂಡರೆ ಅದು ವಿನಯ. ನಾವು ಹೇಳಿದರೆ ಅವರು ರಾತ್ರಿ ಹನ್ನೊಂದರವರೆಗೆ ಓದಿದ್ದನ್ನು ಅಳಿಸಿದ ಹಾಗೆ. ಅವರು "ಏನೋ ಅದೃಷ್ಟ" ಅಂದಾಗ "ಹೌದೌದು" ಅಂತ ತಲೆಯಾಡಿಸುವುದೂ ಬೇಡ.

"ನಮ್ಮನ್ನ ಮರೀಬೇಡಿ", "ಇನ್ಮೇಲೆ ನೀವು ದೊಡ್ಡವರು", "ಇನ್ನು ಸಾಹೇಬ್ರು ಅನ್ನಬೇಕಾ?" ಇವೆಲ್ಲ ತಮಾಷೆಯೇ. ಆದರೆ ಪ್ರತಿಯೊಂದೂ ಅವರಿಂದ ಒಂದು ಉತ್ತರ ಬೇಡುತ್ತದೆ: ಇಲ್ಲ ಇಲ್ಲ, ನಾನು ಹಾಗಲ್ಲ. ಖುಷಿಯ ದಿನ ಅವರು ತಮ್ಮನ್ನು ಸಮರ್ಥಿಸಿಕೊಳ್ಳುತ್ತಾ ನಿಲ್ಲಬೇಕಾಗುತ್ತದೆ. ಹತ್ತು ಜನ ಹೀಗೇ ಹೇಳಿದರೆ ಹತ್ತು ಸಲ.

"ಪಾರ್ಟಿ ಯಾವಾಗ?" ಅಷ್ಟು ಕೆಟ್ಟದ್ದಲ್ಲ. ಮೊದಲ ಮಾತಾಗಿ ಬರಬಾರದು ಅಷ್ಟೇ. ಮೊದಲು ಖುಷಿ ಹೇಳಿ, ಆಮೇಲೆ ಬೆಣ್ಣೆದೋಸೆ ಕೇಳಿ.

ಹೆಂಗಸರಿಗೆ ಮಾತ್ರ ಹೇಳುವ ಮಾತು ಒಂದಿದೆ. "ಮನೆ, ಮಕ್ಕಳು ಹೇಗೆ ನೋಡ್ಕೋತೀರಿ?" ಅದೇ ಲಿಸ್ಟಿನಲ್ಲಿ ಹೆಸರು ಬಂದ ಗಂಡಸಿಗೆ ಇದನ್ನು ಯಾರಾದರೂ ಕೇಳಿದ್ದು ನಾನು ನೋಡಿಲ್ಲ. ಕಾಳಜಿ ಇದ್ದರೆ ಮುಂದೆ ಹೇಳುವ ಹಾಗೆ ಬೇರೆ ರೀತಿಯಲ್ಲಿ ಹೇಳಬಹುದು.

ನಮಗಿಂತ ಕಿರಿಯರು ಮುಂದೆ ಹೋದಾಗ ಬರುವ ಮಾತು: "ನಾನೇ ಕಲಿಸಿದ ಹುಡುಗ", "ನನ್ನ ಕೈ ಕೆಳಗೆ ಬೆಳೆದವನು". ನಿಜವೇ ಇರಬಹುದು. ಆದರೆ ಅದು ಅವನ ಬಡ್ತಿಯಲ್ಲಿ ನಮ್ಮ ಪಾಲು ಕೇಳಿದ ಹಾಗೆ ಕೇಳಿಸುತ್ತದೆ. ಕಲಿಸಿದ್ದನ್ನು ಅವನು ಹೇಳಲಿ.

"ನಿಮಗೆ ಸಿಗಲೇಬೇಕಿತ್ತು, ಅರ್ಹರು ನೀವು" ಅನ್ನುವುದು ಒಳ್ಳೆಯ ಮಾತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನನಗೆ ಅದರ ಮೇಲೆ ಸಣ್ಣ ತಕರಾರಿದೆ. ಯಾರು ಅರ್ಹರು ಅಂತ ತೀರ್ಪು ಕೊಡಲು ನಾವು ಯಾರು? ಮೇಲಿನವರು ಹೇಳಿದರೆ ಸರಿ. ಜೊತೆಯವರು ಹೇಳಿದರೆ ಸ್ವಲ್ಪ ಎತ್ತರದಲ್ಲಿ ನಿಂತು ಹೇಳಿದ ಹಾಗಿರುತ್ತದೆ. ಅಜ್ಜಿಯ ಫಾರಂ ವಿಷಯ ಹೇಳಿದರೆ ಅರ್ಹತೆ ತಾನೇ ಗೊತ್ತಾಗುತ್ತದೆ, ಅಲ್ವಾ?

ಹೆಜ್ಜೆ 5: ಬರೆಯಿರಿ

ಗ್ರೂಪಿನಲ್ಲಿ ಒಂದು, ಅವರಿಗೇ ನೇರವಾಗಿ ಒಂದು. ಎರಡೂ ಬೇರೆ ಬೇರೆ.

ವಾಟ್ಸಾಪ್ ಗ್ರೂಪಿನಲ್ಲಿ ಬರೆಯುವುದು ಹಾಜರಿ ಹಾಕಿದ ಹಾಗೆ. ಅಲ್ಲಿ ಚಿಕ್ಕದು ಸಾಕು. ಆದರೆ ಮೇಲೆ ಇನ್ನೊಬ್ಬರು ಬರೆದದ್ದನ್ನೇ ನಕಲು ಮಾಡಿ ಅಂಟಿಸಬೇಡಿ, ಹೂಗುಚ್ಛದ ಸ್ಟಿಕರ್ ಒಂದನ್ನೇ ಹಾಕಿ ಬಿಡಬೇಡಿ. "ಅಭಿನಂದನೆಗಳು ಮೇಡಂ, ತುಂಬಾ ಖುಷಿ ಆಯ್ತು" ಅಂತ ನೀವೇ ಬೆರಳಿನಿಂದ ಒತ್ತಿದರೆ ಸಾಕು. ಇಲ್ಲಿ ಪದದ ಒಂದು ಗೊಂದಲ ಇದೆ. ಆಗಿಹೋದ ಸಾಧನೆಗೆ ಹೇಳುವುದು ಅಭಿನಂದನೆ. ಮುಂದೆ ಒಳ್ಳೆಯದಾಗಲಿ ಅನ್ನುವುದು ಶುಭಾಶಯ. ಬಡ್ತಿ ಬಂದವರಿಗೆ ಬರೀ "ಶುಭಾಶಯಗಳು" ಅಂತ ಹಾಕಿದರೆ ಹಬ್ಬಕ್ಕೆ ಹೇಳಿದ ಹಾಗಿರುತ್ತದೆ. "ಕಂಗ್ರಾಟ್ಸ್" ಬಾಯಲ್ಲಿ ಚೆನ್ನಾಗಿದೆ, ಬರೆದಾಗ ಸ್ವಲ್ಪ ಒಣಗುತ್ತದೆ. "ಹಾರ್ದಿಕ" ಬ್ಯಾನರಿಗೆ ಇರಲಿ.

ನೇರ ಸಂದೇಶಕ್ಕೆ ನಾನು ಮೂರು ಸಲ ಬರೆದೆ. ಮೊದಲನೆಯದು ಹೀಗಿತ್ತು:

"ಮೇಡಂ, ನಿಮಗೆ ಪ್ರಮೋಷನ್ ಆಗಿದ್ದು ನನಗೆ ನಿಜವಾಗ್ಲೂ ಖುಷಿ. ನನಗೆ ಆಗಲಿಲ್ಲ ಅಂತ ಬೇಜಾರಿದೆ, ಆದರೆ ನಿಮಗಾದರೂ ಆಯ್ತಲ್ಲ. ನಾನು ಹೊಟ್ಟೆಕಿಚ್ಚು ಪಡೋನಲ್ಲ, ನಿಮಗೇ ಗೊತ್ತು."

ಇದರಲ್ಲಿ "ನನಗೆ", "ನಾನು" ಎಷ್ಟು ಸಲ ಬಂತು ಎಣಿಸಿ. ಮೂರು ಸಲ. "ನಿಜವಾಗ್ಲೂ" ಅಂದ ಕೂಡಲೇ ಅನುಮಾನ ಬರುತ್ತದೆ. "ನಿಮಗಾದರೂ" ಅನ್ನುವುದು ಸಮಾಧಾನದ ಬಹುಮಾನ. ಹೊಟ್ಟೆಕಿಚ್ಚಿಲ್ಲ ಅಂತ ಕೇಳದೇ ಹೇಳಿದರೆ ಇದೆ ಅಂತಲೇ ಅರ್ಥ. ಅಳಿಸಿದೆ.

ಎರಡನೆಯದರಲ್ಲಿ ಹೆದರಿ ಎಲ್ಲ ತೆಗೆದುಹಾಕಿದೆ: "ತಮ್ಮ ಪದೋನ್ನತಿಗೆ ಹೃತ್ಪೂರ್ವಕ ಅಭಿನಂದನೆಗಳು. ತಮ್ಮ ಮುಂದಿನ ವೃತ್ತಿಜೀವನ ಉಜ್ವಲವಾಗಲಿ." ದಿನಾ ಉಪ್ಪಿನಕಾಯಿ ಹಂಚಿಕೊಂಡವರಿಗೆ "ತಮ್ಮ"! ಇದು ಇನ್ನೂ ಕೆಟ್ಟದು. ಮಾತಾಡುವ ಭಾಷೆ ಇದ್ದಕ್ಕಿದ್ದ ಹಾಗೆ ಗ್ರಾಂಥಿಕ ಆದರೆ ಎದುರಿನವರಿಗೆ ಅಂತರ ಕಾಣುತ್ತದೆ. ಮಾತಿನಲ್ಲಿ ಹೇಗೆ ಕರೆಯುತ್ತೀರೋ ಬರಹದಲ್ಲೂ ಹಾಗೇ ಕರೆಯಿರಿ.

ಕಳಿಸಿದ್ದು ಮೂರನೆಯದು:

"ಮೇಡಂ, ನಿನ್ನೆ ಏನೇನೋ ಮಾತಾಡಿಬಿಟ್ಟೆ, ಸರಿಯಾಗಿ ಹೇಳಲೇ ಇಲ್ಲ. ನಿಮಗೆ ಪ್ರಮೋಷನ್ ಬಂದಿದ್ದು ತುಂಬಾ ಖುಷಿ ಆಯ್ತು. ಬೆರಳಚ್ಚು ಆಗದೇ ಇದ್ದ ಅಜ್ಜಿ ಹತ್ರ ನೀವೇ ಫಾರಂ ಹಿಡ್ಕೊಂಡು ಬೆಂಚಿಗೆ ಹೋಗಿದ್ದು ನೆನಪಾಯ್ತು. ಆ ಟೇಬಲ್ ಇವತ್ತಿಗೂ ಅಲ್ಲೇ ಇದೆ ನೋಡಿ. ಪೋಸ್ಟಿಂಗ್ ಗೊತ್ತಾದ ಕೂಡಲೇ ಹೇಳಿ. ಹುಡುಗನ ಎಸ್ಸೆಸ್ಸೆಲ್ಸಿ ವರ್ಷ, ಅದರ ಯೋಚನೆ ಇರುತ್ತೆ ಅಂತ ಗೊತ್ತು."

ಮೊದಲ ವಾಕ್ಯ ಹಿಂದಿನ ದಿನದ ತಪ್ಪನ್ನು ಒಪ್ಪಿಕೊಳ್ಳುತ್ತದೆ, ಆದರೆ ಕ್ಷಮೆ ಕೇಳುತ್ತಾ ಕೂರುವುದಿಲ್ಲ. ಖುಷಿ ಒಂದೇ ಸಲ ಬಂದಿದೆ. ಅಜ್ಜಿಯ ವಿಷಯ ಎರಡು ವಾಕ್ಯ, ಅದರಲ್ಲಿ ಒಂದೂ ಹೊಗಳಿಕೆಯ ಪದ ಇಲ್ಲ. ಕೊನೆಯದು ಹೆಜ್ಜೆ ಎರಡರಲ್ಲಿ ಯೋಚಿಸಿದ್ದು. "ಹೇಗೆ ನೋಡ್ಕೋತೀರಿ" ಅಂತ ಕೇಳುವ ಬದಲು ಯೋಚನೆ ಇರುತ್ತದೆ ಅಂತ ಗೊತ್ತು ಅಂದೆ. ಅವರು ಉತ್ತರ ಕೊಡಲೇಬೇಕು ಅಂತೇನಿಲ್ಲ.

ನನಗೆ ಆಗಲಿಲ್ಲ ಅನ್ನುವುದನ್ನು ಬರೆಯಲೇ ಇಲ್ಲ. ಅದು ಅವರಿಗೆ ಗೊತ್ತೇ ಇತ್ತು. ತೀರಾ ಆಪ್ತರಾಗಿದ್ದರೆ, ಮುಚ್ಚಿಟ್ಟರೇ ಸುಳ್ಳು ಅನ್ನಿಸುವಂತಿದ್ದರೆ, ಒಂದು ವಾಕ್ಯ ಹೇಳಬಹುದು: "ನನ್ನ ಬೇಜಾರು ಬೇರೆ, ಅದು ಹೋಗುತ್ತೆ. ಇದು ಅದಕ್ಕೆ ಸಂಬಂಧ ಇಲ್ಲದ ಖುಷಿ." ಬಾಯಲ್ಲಿ ಹೇಳಿ, ಬರೆಯಬೇಡಿ. ಬರೆದರೆ ಅವರು ಅದನ್ನು ನಾಲ್ಕು ಸಲ ಓದುತ್ತಾರೆ.

ಹೆಜ್ಜೆ 6: ಎದುರಿಗೆ ಸಿಕ್ಕಾಗ

ಸಂದೇಶ ಕಳಿಸಿದ ಮೇಲೂ ಒಮ್ಮೆ ಎದುರಿಗೆ ಹೇಳಲೇಬೇಕು. ಹೊತ್ತು ನೋಡಿ ಹೋಗಿ. ಕೌಂಟರ್ ಮುಂದೆ ಸಾಲು ಇರುವಾಗ, ಮ್ಯಾನೇಜರ್ ಪಕ್ಕದಲ್ಲಿ ನಿಂತಿರುವಾಗ ಬೇಡ. ಮ್ಯಾನೇಜರ್ ಎದುರು ಹೇಳಿದರೆ ಅವರಿಗೆ ಕೇಳಿಸಲಿ ಅಂತ ಹೇಳಿದ ಹಾಗಿರುತ್ತದೆ. ಬೆಳಿಗ್ಗೆ ಕೌಂಟರ್ ತೆರೆಯುವ ಮುಂಚೆ ಅಥವಾ ಊಟದ ಹೊತ್ತು ಒಳ್ಳೆಯದು. ಎರಡು ಮೂರು ವಾಕ್ಯ, ಅರ್ಧ ನಿಮಿಷ. ಸಂದೇಶದಲ್ಲಿ ಬರೆದದ್ದನ್ನೇ ಮತ್ತೆ ಒಪ್ಪಿಸಬೇಡಿ. ಪ್ರಶ್ನೆ ಕೇಳಿ ಅವರಿಗೆ ಮಾತಾಡಲು ಬಿಡಿ. ಇಂಟರ್‌ವ್ಯೂನಲ್ಲಿ ಏನು ಕೇಳಿದರು, ಮನೆಯಲ್ಲಿ ಮೊದಲು ಯಾರಿಗೆ ಹೇಳಿದಿರಿ. ಇಂಥ ಪ್ರಶ್ನೆಗೆ ಮುಖ ಅರಳುತ್ತದೆ. ಅವರು ಹೇಳುತ್ತಿರುವಾಗ ನಡುವೆ "ನನಗೂ ಅದೇ ಕೇಳಿದ್ರು" ಅಂತ ತೂರಬೇಡಿ. ನನಗೆ ಬಹಳ ಕಷ್ಟವಾದದ್ದು ಇದೇ.

ಇನ್ನು ಸ್ವೀಟ್ ಬಾಕ್ಸ್. ಬಡ್ತಿ ಬಂದವರು ಪೇಡವೋ ಮೈಸೂರು ಪಾಕೋ ತಂದು ಟೇಬಲಿನಿಂದ ಟೇಬಲಿಗೆ ಬರುತ್ತಾರೆ. ಆಗ "ಶುಗರ್ ಇದೆ, ಬೇಡ" ಅಂತ ಕೈ ಅಡ್ಡ ಹಿಡಿಯುವವರಿದ್ದಾರೆ. ಶುಗರ್ ನಿಜವಾಗಿ ಇದ್ದರೂ ಆ ಹೊತ್ತಿನಲ್ಲಿ ಕಾಣುವುದು ಅಡ್ಡ ಹಿಡಿದ ಕೈ ಮಾತ್ರ. ಒಂದು ಚೂರು ಮುರಿದು ತೆಗೆದುಕೊಳ್ಳಿ, ಅಥವಾ "ಮೊಮ್ಮಗಳಿಗೆ ತಗೊಂಡು ಹೋಗ್ತೀನಿ" ಅಂತ ಕಾಗದದಲ್ಲಿ ಸುತ್ತಿಟ್ಟುಕೊಳ್ಳಿ. ಬಾಕ್ಸ್ ಹಿಡಿದು ನಿಂತವರನ್ನು ನಿಲ್ಲಿಸಿಕೊಂಡು ಕಂಪ್ಯೂಟರ್ ನೋಡುತ್ತಾ ಕೈ ಚಾಚುವುದೂ ಅಷ್ಟೇ ಕೆಟ್ಟದ್ದು.

ಹೆಜ್ಜೆ 7: ಸರಿಹೋಯಿತೋ ಇಲ್ಲವೋ ತಿಳಿಯುವುದು ಹೇಗೆ

ಅವರ ಉತ್ತರ ನೋಡಿ. "ನಿಮಗೂ ಮುಂದಿನ ಸಲ ಆಗುತ್ತೆ" ಅಂತ ಬಂದರೆ ನಿಮ್ಮ ಬೇಜಾರು ಅವರಿಗೆ ಕಂಡಿದೆ. "ಥ್ಯಾಂಕ್ಯೂ" ಜೊತೆ ಕೈಮುಗಿದ ಚಿತ್ರ ಮಾತ್ರ ಬಂದರೆ ನಿಮ್ಮ ಮಾತು ಉಳಿದ ಐವತ್ತು ಸಂದೇಶಗಳಲ್ಲಿ ಒಂದಾಗಿದೆ. ಅದರಲ್ಲಿ ತಪ್ಪಿಲ್ಲ, ಆಪ್ತರಲ್ಲದವರಿಗೆ ಅಷ್ಟೇ ಸಾಕು. ನೀವು ಹೇಳಿದ ಸಂಗತಿಯನ್ನೇ ಹಿಡಿದು ಅವರು ಏನಾದರೂ ಸೇರಿಸಿದರೆ ಮಾತು ಮುಟ್ಟಿದೆ.

ಈ ಎಲ್ಲ ಹೆಜ್ಜೆ ಎಲ್ಲ ಕಡೆ ನಡೆಯುವುದಿಲ್ಲ. ಆ ಬಡ್ತಿ ನ್ಯಾಯವಾಗಿ ಬಂದದ್ದಲ್ಲ ಅಂತ ನಿಮಗೆ ಗಟ್ಟಿಯಾಗಿ ಅನ್ನಿಸಿದರೆ ಚೀಟಿ, ಸಂಗತಿ ಏನೂ ಬೇಡ. "ಅಭಿನಂದನೆಗಳು, ಒಳ್ಳೆಯದಾಗಲಿ" ಅಂತ ಹೇಳಿ ಕೆಲಸಕ್ಕೆ ಹೋಗಿ. ಹಳೆಯ ಸಿದ್ಧ ಮಾತುಗಳು ಇರುವುದೇ ಇಂಥ ದಿನಕ್ಕೆ. ಕಟ್ಟಿದ ಹೊಗಳಿಕೆಗಿಂತ ಒಣ ಅಭಿನಂದನೆ ಎಷ್ಟೋ ಮೇಲು. ಬಡ್ತಿ ಬಂದದ್ದು ನಿಮ್ಮ ಮೇಲಧಿಕಾರಿಗಾದರೂ ಚಿಕ್ಕದಾಗಿಯೇ ಹೇಳಿ. ಅಲ್ಲಿ ಉದ್ದ ಆದಷ್ಟೂ ಬೆಣ್ಣೆ ಹಚ್ಚಿದ ಹಾಗೆ ಕಾಣುತ್ತದೆ.

ಜೊತೆಯಲ್ಲಿದ್ದವರೇ ನಿಮ್ಮ ಬ್ರಾಂಚಿನಲ್ಲೇ ಆಫೀಸರ್ ಆಗಿ ಕೂತರೆ ಕರೆಯುವುದು ಹೇಗೆ ಅನ್ನುವ ಪ್ರಶ್ನೆ ಬರುತ್ತದೆ. ಗ್ರಾಹಕರ ಎದುರು ಸರ್, ಮೇಡಂ. ಚಹಾ ಕುಡಿಯುವಾಗ ಮೊದಲಿನ ಹಾಗೇ. ಇದನ್ನು ಮಾತಾಡಿ ತೀರ್ಮಾನ ಮಾಡುವ ಅಗತ್ಯ ಇಲ್ಲ, ಮೊದಲ ದಿನ ನೀವೇ ಹಾಗೆ ಕರೆದರೆ ಮುಗಿಯಿತು.

ಹೆಜ್ಜೆ 8: ಒಂದು ತಿಂಗಳ ನಂತರ

ಎಲ್ಲರೂ ಬಿಡುವ ಹೆಜ್ಜೆ ಇದು. ಲಿಸ್ಟ್ ಬಂದ ದಿನ ಐವತ್ತು ಜನ ಹೇಳುತ್ತಾರೆ. ಹೊಸ ಊರಿನಲ್ಲಿ, ಹೊಸ ಕುರ್ಚಿಯಲ್ಲಿ ಮೊದಲ ತಿಂಗಳು ಮುಗಿದಾಗ ಫೋನ್ ಮಾಡುವವರು ಇಬ್ಬರೋ ಮೂವರೋ. ದಿನಾಂಕ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ.

ಮೇಡಂಗೆ ಆಂಧ್ರದ ಒಂದು ಸಣ್ಣ ಊರು ಸಿಕ್ಕಿತು. ನನ್ನ ಸಂದೇಶಕ್ಕೆ ಅವರು ಅವತ್ತು ಬರೆದದ್ದು ಇಷ್ಟು: "ಆ ಅಜ್ಜಿ ಹೋದ ವಾರ ಬಂದಿದ್ರು, ನಿಮಗೆ ಹೇಳೋದು ಮರೆತೆ. ಹುಡುಗನ್ನ ಅವನಜ್ಜಿ ಮನೇಲೇ ಬಿಡೋದು ಅಂತ ಯೋಚನೆ." ತಿಂಗಳ ಮೇಲೆ ನಾನು ಫೋನ್ ಮಾಡಿದಾಗ ರಾತ್ರಿ ಎಂಟಾಗಿತ್ತು, ಅವರು ಇನ್ನೂ ಬ್ರಾಂಚಿನಲ್ಲೇ ಇದ್ದರು. ತೆಲುಗು ಬರುವುದಿಲ್ಲ, ಊಟ ಖಾರ, ಕ್ಯಾಷಿಯರ್ ಹುಡುಗ ಹೊಸಬ, ಅವನ ಕ್ಯಾಶ್ ಟ್ಯಾಲಿ ಆಗುತ್ತಿಲ್ಲ ಅಂದರು. "ಎಷ್ಟು ಶಾರ್ಟ್?" ಅಂತ ಕೇಳಿದೆ.

"ಐನೂರು" ಅಂದರು. "ವೋಚರ್ ನೋಡ್ತಾ ಕೂತಿದೀವಿ. ಆಮೇಲೆ ಮಾಡ್ತೀನಿ, ಇಡ್ಲಾ?"